ಜಿಮ್ಮಿನ ರೀಫಂಡಿಗೆ ಬಳಿ ಎಂತಕ್ಕೆ?

ಮಂಗಳೂರಿನ ಫಳ್ನೀರಿನಲ್ಲಿರುವ ನಮ್ಮ ಜಿಮ್ಮಿನಲ್ಲಿ ಏನನ್ನೂ ಎತ್ತದೆ ಸುಮ್ಮನೆ ಕೂತಿರುವವಳು ನಾನೊಬ್ಬಳೇ. ನಡೆಸುವವನು ನನ್ನ ಮಗ ರಿತೇಶ್. ಆದರೆ ಪಾಲಿಕೆಯ ಪರವಾನಗಿ, ಬ್ಯಾಂಕ್ ಖಾತೆ ಎರಡೂ ನನ್ನ ಹೆಸರಿನಲ್ಲಿವೆ. ಕಟ್ಟಡದ ಆ ಮಹಡಿ ನನ್ನ ತಾಯಿಯಿಂದ ನನಗೆ ಬಂದದ್ದು. ಹಾಗಾಗಿ ಬಾಗಿಲ ಪಕ್ಕದ ಮೇಜಿನಿಂದ ನನ್ನನ್ನು ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಸೀರೆ ಉಟ್ಟು ಕೂತ ಅಮ್ಮನನ್ನು ಕಂಡು ಹೊಸಬರು ಇದು ಭಜನಾ ಮಂದಿರ ಅಂದುಕೊಳ್ಳುತ್ತಾರೆ, ಚಪ್ಪಲಿ ಮೆಟ್ಟಿಲಿನಲ್ಲೇ ಬಿಟ್ಟು ಬರುತ್ತಾರೆ ಎಂದು ರಿತೇಶನ ದೂರು. ಬಿಟ್ಟರೆ ಬಿಡಲಿ, ನೆಲ ಶುಚಿಯಾಗಿರುತ್ತದೆ.

ಅಲ್ಲಿ ಕೂತು ನಾನು ನೋಡುತ್ತಿದ್ದದ್ದು ಭಾರ ಎತ್ತುವವರನ್ನಲ್ಲ, ನನ್ನ ಮಗನನ್ನು. ಮೂವತ್ತಮೂರು ದಾಟಿತು. ಮನುಷ್ಯನ ದೇಹದಲ್ಲಿ ಇರುವ ಒಂದೊಂದು ಸ್ನಾಯುವಿನ ಹೆಸರೂ ಅವನ ಬಾಯಲ್ಲಿ ಉಂಟು, ಒಬ್ಬ ಹುಡುಗಿಯ ಹತ್ತಿರ ಆಡುವ ಮಾತು ಮಾತ್ರ ಇಲ್ಲ. ನಾವು ತೋರಿಸಿದ ಸಂಬಂಧಗಳಿಗೆಲ್ಲ ‘ನೋಡುವ, ಅಮ್ಮ’ ಎನ್ನುತ್ತಾನೆ, ಆಮೇಲೆ ನೋಡುವುದೇ ಇಲ್ಲ. ಹೀಗಿರುವಾಗ ಮನ್ವಿತಾ ಎಂಬ ಹುಡುಗಿ ಸೇರಿದಳು. ವಿಮಾ ಕಂಪನಿಯ ಕಚೇರಿಯಲ್ಲಿ ಕೆಲಸ, ಜೆಪ್ಪುವಿನ ಪಿ.ಜಿ.ಯಲ್ಲಿ ವಾಸ, ಮನೆ ಮಂಜೇಶ್ವರದ ಆಚೆ. ಹೆಸರಿನ ಕೊನೆಯ ತುಂಡು ನೋಡಿಯೇ ನಮ್ಮವಳು ಎಂದು ತಿಳಿದಿತ್ತು. ಅವಳು ಬೆನ್ನು ಬಗ್ಗಿಸಿ ಕಬ್ಬಿಣ ಎತ್ತಿದರೆ ರಿತೇಶ್ ಓಡಿ ಹೋಗಿ ‘ಹಾಗಲ್ಲ, ಹೀಗೆ’ ಎನ್ನುತ್ತಿದ್ದ. ಬೇರೆಯವರ ಬೆನ್ನು ಮುರಿದರೂ ಅವನು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿಲ್ಲ. ಒಂದು ದಿನ ಅವಳು ಏನೋ ಹೇಳಿದಳು, ಇವನು ಹಲ್ಲು ಕಾಣುವಂತೆ ನಕ್ಕ. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಆದರೆ ನಮ್ಮಲ್ಲಿ ಹುಡುಗ, ಹುಡುಗಿ ನಕ್ಕರೆ ಸಾಲದು. ಬಳಿ ನೋಡಬೇಕು. ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು ಅದು. ಎರಡೂ ಕಡೆಯದು ಒಂದೇ ಬಳಿಯಾದರೆ ಅವರು ಅಣ್ಣ ತಂಗಿಯ ಹಾಗೆ. ಮದುವೆಯ ಮಾತೇ ಎತ್ತಬಾರದು. ನಮ್ಮದು ಕುಂದರನ್ನಾಯ ಬಳಿ. ಅವಳದ್ದು ಯಾವುದು? ಪಿ.ಜಿ.ಯಲ್ಲಿ ಇರುವ ಹುಡುಗಿಯ ತಾಯಿಮನೆ ಯಾರಿಗೆ ಗೊತ್ತು? ಮೆಲ್ಲ ಮಾತಿಗೆ ಎಳೆದು ತಿಳಿದುಕೊಳ್ಳೋಣ ಎಂದು ನಾನು ಕಾದೆ. ಕಾದದ್ದೇ ತಪ್ಪಾಯಿತು.

ರಿತೇಶ್ ಹೊಸ ಉಪಕರಣ ನೋಡಲು ಕೊಚ್ಚಿಗೆ ಹೋಗಿದ್ದ ವಾರ ಅವಳು ಬರುವುದು ನಿಂತಿತು. ಅವನು ಹಿಂದಿರುಗಿದ ಮರುದಿನ ಒಂದು ಲಕೋಟೆ ಬಂತು. ಅವನ ಹೆಸರಿಗೇ ಇತ್ತು. ಆದರೆ ಕರೆಂಟು ಬಿಲ್ಲಿನಿಂದ ಹಿಡಿದು ಪಾಲಿಕೆಯ ನೋಟೀಸಿನವರೆಗೆ ಜಿಮ್ಮಿಗೆ ಬಂದ ಲಕೋಟೆಗಳನ್ನೆಲ್ಲ ಒಡೆಯುವವಳು ನಾನೇ. ಒಡೆದೆ.

‘ಮಾನ್ಯ ರಿತೇಶ್ ಅವರಿಗೆ,

ನನಗೆ ಹುಬ್ಬಳ್ಳಿ ಶಾಖೆಗೆ ವರ್ಗಾವಣೆಯಾಗಿದ್ದು, ಈ ತಿಂಗಳಿನಿಂದ ಅಲ್ಲಿಯೇ ವಾಸವಾಗಿದ್ದೇನೆ. ಆದುದರಿಂದ ಈ ಪತ್ರದ ದಿನಾಂಕದಿಂದ ನನ್ನ ಸದಸ್ಯತ್ವವನ್ನು ರದ್ದುಪಡಿಸಿ, ನನ್ನ ಖಾತೆಯಿಂದ ತಿಂಗಳು ತಿಂಗಳು ಕಡಿತವಾಗುವ ತರಬೇತಿ ಶುಲ್ಕವನ್ನು ನಿಲ್ಲಿಸಬೇಕಾಗಿಯೂ, ಮುಂಗಡವಾಗಿ ಕಟ್ಟಿದ ವರ್ಷದ ಶುಲ್ಕದಲ್ಲಿ ಉಳಿದ ತಿಂಗಳುಗಳ ಹಣವನ್ನು ನಿಮ್ಮ ನಿಯಮದಂತೆ ಮರಳಿಸಬೇಕಾಗಿಯೂ ಕೋರುತ್ತೇನೆ. ವರ್ಗಾವಣೆ ಆದೇಶದ ಪ್ರತಿ ಲಗತ್ತಿಸಿದೆ. ಏನಾದರೂ ಕೇಳುವುದಿದ್ದರೆ ದಯವಿಟ್ಟು ನೀವೇ ಫೋನ್ ಮಾಡಿ.’

ಕೆಳಗೆ ಸಹಿ, ಫೋನ್ ನಂಬರು.

ನಿಯಮ ನಮ್ಮದೇ. ರಸೀದಿಯ ಹಿಂದೆ ಅಚ್ಚು ಹಾಕಿಸಿದ್ದೇವೆ: ಬೇರೆ ಊರಿಗೆ ಹೋದವರು ಸಹಿ ಹಾಕಿದ ಪತ್ರವನ್ನೂ ದಾಖಲೆಯನ್ನೂ ಕೊಟ್ಟರೆ, ಉಳಿದ ತಿಂಗಳುಗಳ ಹಣದಲ್ಲಿ ನೂರಕ್ಕೆ ಹತ್ತು ಹಿಡಿದುಕೊಂಡು ಮಿಕ್ಕಿದ್ದು ವಾಪಸು. ಪತ್ರದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಟ್ರೈನರ್ ಆಲ್ವಿನ್‌ಗೆ ಕೊಟ್ಟು, ಅವನು ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿ, ಸಂಜೆಯೊಳಗೆ ಮುಗಿಯುತ್ತಿತ್ತು.

ನನಗೆ ಕಂಡದ್ದು ಬೇರೆಯೇ. ಹಣ ಕೊಟ್ಟುಬಿಟ್ಟರೆ ಆ ಹುಡುಗಿಗೆ ನಮ್ಮ ಹಂಗು ಮುಗಿಯಿತು. ಕೊಡದೆ ಇದ್ದರೆ ಕೇಳಲಿಕ್ಕಾದರೂ ಮಾತಾಡುತ್ತಾಳೆ. ನಾನು ಪತ್ರವನ್ನು ಮಡಚಿ ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದೆ.

ರಿತೇಶನಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿ ಎಂತ ಪ್ರಯೋಜನ? ಅವನು ಆಸೆ ಹಚ್ಚಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ ಮೇಲೆ ಬಳಿ ಒಂದೇ ಎಂದು ತಿಳಿದರೆ ಕಣ್ಣೀರು ಒರೆಸುವವರು ಯಾರು? ಮೊದಲು ಬಳಿ, ಆಮೇಲೆ ಮಗ. ಅಂದೇ ಮಧ್ಯಾಹ್ನ ಜಿಮ್ಮಿನ ಲೆಟರ್‌ಹೆಡ್ಡಿನಲ್ಲಿ ನಾನೇ ಉತ್ತರ ಬರೆದೆ. ‘ನಿಮ್ಮ ಪತ್ರ ತಲುಪಿದೆ. ಹಣ ಮರಳಿಸಲು ನಿಮ್ಮ ಬ್ಯಾಂಕ್ ಖಾತೆಯ ವಿವರ, ಹುಬ್ಬಳ್ಳಿಯ ಮನೆ ಬಾಡಿಗೆ ಕರಾರಿನ ಪ್ರತಿ, ತಾಯಿಯ ಹೆಸರು, ತಾಯಿಮನೆಯ ಹೆಸರು ಹಾಗೂ ಬಳಿ, ಇಷ್ಟನ್ನು ಕಳಿಸಿಕೊಡಬೇಕು.’ ಬಳಿಯನ್ನು ಬೇಕೆಂದೇ ಕೊನೆಗೆ ಬರೆದದ್ದು. ಸಾಲಿನ ನಡುವೆ ಸೇರಿಕೊಂಡು ಹೋಗುತ್ತದೆ ಎಂದು ನನ್ನ ಬುದ್ಧಿವಂತಿಕೆ.

ಆ ದಿನಗಳಲ್ಲಿ ರಿತೇಶ್ ಮಂಕಾಗಿದ್ದ. ಆಲ್ವಿನ್ ಹತ್ತಿರ ಹೋಗಿ, ಗೋಡೆಯ ಕನ್ನಡಿ ನೋಡುತ್ತ ಕೇಳಿದ್ದು ನನ್ನ ಕಿವಿಗೆ ಬಿತ್ತು.

“ಆ ಮನ್ವಿತಾ ಬರ್ತಾ ಇಲ್ವಾ?”

“ಇಲ್ಲ ಸರ್. ಎಂತ ಅಂತ ಗೊತ್ತಿಲ್ಲ. ಫೋನ್ ಮಾಡಿ ಕೇಳ್ಲಾ?”

“ಬೇಡ ಮಾರಾಯ. ಹೇಳದೆ ಹೋದವರನ್ನು ಕೇಳಿ ಎಂತ?”

ನಾನು ರಸೀದಿ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಅವನ ಮುಖ ನೋಡಿದರೆ ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು. ಹುಡುಗ ಇಷ್ಟು ಮರುಗುತ್ತಿದ್ದಾನೆ ಎಂದಾದರೆ ಆ ಹುಡುಗಿ ಈ ಮನೆಗೆ ಬರಲೇಬೇಕು.

ತಿಂಗಳು ತಿರುಗಿತು. ಒಂದನೇ ತಾರೀಕಿನ ಮರುದಿನ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು.

“ನಾನು ಮನ್ವಿತಾ ಮಾತಾಡುವುದು, ಹುಬ್ಬಳ್ಳಿಯಿಂದ. ರಿತೇಶ್ ಇದ್ದಾರಾ?”

“ಅವನು ಕ್ಲಾಸಿನಲ್ಲಿ ಇದ್ದಾನೆ ಮಗಳೇ. ನಾನು ಅವನ ಅಮ್ಮ, ಶಶಿಪ್ರಭಾ. ಊಟ ಆಯ್ತಾ?”

“ಊಟ ಆಯ್ತು ಆಂಟಿ. ಆದ್ರೆ ನಿನ್ನೆ ನನ್ನ ಅಕೌಂಟಿನಿಂದ ಪುನಃ ದುಡ್ಡು ಕಟ್ ಆಗಿದೆ. ನಾನು ಲೆಟರ್ ಬರೆದು ಮೂರು ವಾರ ಆಯ್ತಲ್ಲ?”

ಈ ವಿಷಯ ನನಗೆ ಹೊಳೆದೇ ಇರಲಿಲ್ಲ. ಪತ್ರ ಡ್ರಾಯರಿನಲ್ಲಿ ಮಲಗಿದರೂ ಕಂಪ್ಯೂಟರು ಮಲಗುವುದಿಲ್ಲ. ತಾರೀಕು ಬಂದ ಕೂಡಲೇ ಅದು ತನ್ನಷ್ಟಕ್ಕೆ ಹಣ ಎಳೆದಿತ್ತು.

“ಅದು ಮಿಷಿನಿನ ಎಡವಟ್ಟು,” ಎಂದೆ.

“ಇರ್ಲಿ. ಆಟೋಪೇ ನಾನೇ ಫೋನಿನಲ್ಲಿ ಕ್ಯಾನ್ಸಲ್ ಮಾಡಿದ್ದೇನೆ. ಅದಕ್ಕೆ ನಿಮ್ಮನ್ನು ಕಾಯ್ಬೇಕಂತ ಇಲ್ಲ. ಈಗ ನಿನ್ನೆ ಹೋದದ್ದು ಬರ್ಬೇಕು, ವರ್ಷದ ಫೀಸಿನಲ್ಲಿ ಉಳಿದದ್ದೂ ಬರ್ಬೇಕು. ಮತ್ತೆ ಆಂಟಿ, ನಿಮ್ಮ ಲೆಟರ್ ಸಿಕ್ಕಿತು. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಜಿಮ್ಮಿನ ರೀಫಂಡಿಗೆ ಬಳಿ ಎಂತಕ್ಕೆ?”

“ಕೆವೈಸಿ,” ಎಂದೆ ನಾನು. ಬ್ಯಾಂಕಿನವರು ಬಾಯಿಗೆ ಬಂದಾಗಲೆಲ್ಲ ಹೇಳುವ ಮಾತು, ನನಗೂ ಬಂತು.

ಆ ಕಡೆ ಅವಳು ಒಮ್ಮೆ ಕೆಮ್ಮಿದಳು. ನಗು ತಡೆದಳೋ ಸಿಟ್ಟು ತಡೆದಳೋ ದೇವರಿಗೇ ಗೊತ್ತು.

“ನಾನೇ ಇನ್ಶೂರೆನ್ಸ್ ಕಂಪನಿಯಲ್ಲಿ ಇರುವುದು ಆಂಟಿ. ದಿನಾ ಕೆವೈಸಿ ಮಾಡ್ತೇನೆ. ಅದರಲ್ಲಿ ಬಳಿಯ ಕಾಲಂ ನಾನು ನೋಡ್ಲಿಲ್ಲ.”

“ನಮ್ಮದರಲ್ಲಿ ಉಂಟು.”

“ಹಾಗಾದ್ರೆ ವಿವರ ಎಲ್ಲ ಕಳಿಸ್ತೇನೆ. ಅದು ಸಿಕ್ಕಿದ ಮೇಲೂ ದುಡ್ಡು ಬರದಿದ್ರೆ ಗ್ರಾಹಕರ ಸಹಾಯವಾಣಿಗೆ ಕಂಪ್ಲೇಂಟ್ ಕೊಡ್ತೇನೆ ಆಯ್ತಾ? ರಿತೇಶ್‌ಗೆ ಹೇಳಿ, ನಾನು ಫೋನ್ ಮಾಡಿದ್ದೆ ಅಂತ.”

ಹೇಳುತ್ತೇನೆ ಎಂದೆ, ಹೇಳಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಆ ಹುಡುಗಿ ಇನ್ನೂ ಹಿಡಿಸಿದಳು. ಹಣದ ವಿಷಯದಲ್ಲಿ ಬಿಗಿ, ಮಾತಿನಲ್ಲಿ ಮರ್ಯಾದೆ. ಸಿಟ್ಟಿನಲ್ಲೂ ‘ಆಂಟಿ’ ಬಿಡಲಿಲ್ಲ. ರಿತೇಶನ ಜಿಮ್ಮು ಉದ್ಧಾರವಾಗಲು ಇಂಥವಳೇ ಬೇಕು. ಅವನಂತೂ ಫೀಸು ಬಾಕಿ ಇಟ್ಟವನಿಗೆ ‘ಇರ್ಲಿ’ ಎಂದು ಪ್ರೋಟೀನ್ ಡಬ್ಬಿಯನ್ನೂ ಸಾಲ ಕೊಡುವ ಜಾತಿ.

ವಾರದೊಳಗೆ ಎರಡನೆಯ ಲಕೋಟೆ ಬಂತು. ಓದುವ ಕನ್ನಡಕ ಒರೆಸಿಕೊಂಡೆ. ಬ್ಯಾಂಕ್ ವಿವರ ಇತ್ತು, ಬಾಡಿಗೆ ಕರಾರು ಇತ್ತು. ತಾಯಿಯ ಹೆಸರು ವಿನೋದಾ. ತಾಯಿಮನೆಯ ಹೆಸರು ನಾನು ಎಂದೂ ಕೇಳಿರದ್ದು. ಆಮೇಲೆ, ದುಂಡಗಿನ ಅಕ್ಷರದಲ್ಲಿ: ‘ಬಳಿ: ಕುಂದರನ್ನಾಯ’.

ಮೂರು ಸಲ ಓದಿದೆ. ಬೇರೆ ಎಷ್ಟು ಬಳಿಗಳಿವೆ, ಅದರಲ್ಲಿ ಯಾವುದಾದರೂ ಆಗಬಹುದಿತ್ತು. ನಮ್ಮದೇ ಆಗಬೇಕಿತ್ತಾ?

ಬಿಜೈಯಲ್ಲಿ ಹೋಟೆಲು ನಡೆಸುವ ನನ್ನ ಅಣ್ಣ ಲೋಕನಾಥನಿಗೆ ಫೋನ್ ಮಾಡಿದೆ. ನಮ್ಮ ಕುಟುಂಬದ ಹಿರಿಯ ಅವನೇ, ಯಾವ ಮದುವೆಯ ಮಾತಾದರೂ ಮೊದಲು ಅವನ ಕಿವಿಗೆ ಹೋಗಬೇಕು.

“ಅಣ್ಣ, ಬಳಿ ಒಂದೇ ಆದ್ರೂ ತಾಯಿಮನೆ ತುಂಬ ದೂರ ಅಂತಾದ್ರೆ...”

“ದೂರ ಅಂದ್ರೆ ಎಷ್ಟು? ಲಂಡನ್ನಾ?” ಎಂದ ಅಣ್ಣ. “ಶಶಿ, ಬಳಿ ಒಂದು ಅಂದ್ರೆ ರಿತೇಶನಿಗೆ ತಂಗಿ ಆಯ್ತು. ಬಿಡು ಅದನ್ನು. ಗಿರಾಕಿ ಬಂದಿದ್ದಾರೆ, ಇಡ್ತೇನೆ.”

ಮುಗಿಯಿತು. ನನಗೆ ಅಳು ಬಂತು ಎಂದರೆ ನಗಬೇಡಿ. ಆ ಹುಡುಗಿಗೆ ಯಾವ ಬಣ್ಣದ ಸೀರೆ ಒಪ್ಪುತ್ತದೆ ಎಂಬಲ್ಲಿಯವರೆಗೆ ನನ್ನ ತಲೆ ಓಡಿತ್ತು. ಜಿಮ್ಮಿನಲ್ಲಿ ಎಲ್ಲರ ಬೆವರು ಸುರಿಯುತ್ತಿರುತ್ತದೆ ನೋಡಿ, ಕಣ್ಣು ಒರೆಸಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಕಣ್ಣು ಒರೆಸಿಕೊಂಡು ಆಲ್ವಿನ್‌ನನ್ನು ಕರೆದೆ. “ಈ ಹುಡುಗಿಯ ಹಣ ಈಗಲೇ ಕಳಿಸು. ಈ ತಿಂಗಳು ತಪ್ಪಾಗಿ ಕಡಿತ ಆದದ್ದೂ ಸೇರಿಸು.”

“ಮನ್ವಿತಾ ಮೇಡಂ ಊರು ಬಿಟ್ರಾ ಆಂಟಿ? ಸರ್ ಕೇಳ್ತಾ ಇದ್ರಲ್ಲ!”

“ಸರ್‌ಗೆ ನಾನು ಹೇಳ್ತೇನೆ. ನೀನು ಕಳಿಸು.”

“ನೂರಕ್ಕೆ ಹತ್ತು ಹಿಡಿದು ಅಲ್ವಾ?”

“ಹಿಡಿಯಬೇಡ. ಬಳಿಯ ಹುಡುಗಿ, ಮನೆಮಗಳು ಆಯ್ತು. ಮಗಳ ಹತ್ತಿರ ಹತ್ತು ಹಿಡಿಯುವುದಾ?”

ಆಲ್ವಿನ್‌ಗೆ ಏನೂ ತಿಳಿಯಲಿಲ್ಲ, ಆದರೆ ಒಟಿಪಿ ನನ್ನ ಫೋನಿಗೆ ಬರುವುದರಿಂದ ಅವನು ವಾದ ಮಾಡುವುದಿಲ್ಲ. ಹಣ ಹೋಯಿತು. ಜೊತೆಗೆ ನಾನು ಒಂದು ಕಾಗದವನ್ನೂ ಕಳಿಸಿದೆ, ಲೆಟರ್‌ಹೆಡ್ಡಿನಲ್ಲಲ್ಲ, ಮಾಮೂಲಿ ಹಾಳೆಯಲ್ಲಿ. ‘ನಿನ್ನ ಹಣ ಪೂರ್ತಿ ಕಳಿಸಿದೆ ಮಗಳೇ. ನಿನ್ನ ಬಳಿ ನಮ್ಮದೇ ಎಂದು ತಿಳಿಯಿತು. ಇನ್ನು ನೀನು ನಮ್ಮ ಮನೆಯವಳೇ. ಮಂಗಳೂರಿಗೆ ಬಂದರೆ ಹೋಟೆಲಿನಲ್ಲಿ ಉಣ್ಣಬೇಡ, ನಮ್ಮಲ್ಲಿಗೆ ಬಾ. ನಾನು ನಿನ್ನನ್ನು ಬೇರೆ ಆಸೆಯಿಂದ ನೋಡಿದ್ದೆ. ಅದು ಆಗಲಿಲ್ಲ. ಹುಬ್ಬಳ್ಳಿಯ ಬಿಸಿಲಿನಲ್ಲಿ ಆರೋಗ್ಯ ನೋಡಿಕೋ.’

ರಿತೇಶನಿಗೆ ಹೇಳಬೇಕೆಂದು ಪ್ರತಿ ದಿನ ಊಟಕ್ಕೆ ಬಡಿಸುವಾಗ ಬಾಯಿ ತೆರೆಯುತ್ತಿದ್ದೆ. ಅವನು ಮೊಟ್ಟೆಯ ಬಿಳಿಯನ್ನು ಮಾತ್ರ ತಿಂದು ಹಳದಿಯನ್ನು ಬದಿಗೆ ಸರಿಸುತ್ತ ಗೋಡೆ ನೋಡುತ್ತಿದ್ದ. ನಾನು ಸಾರು ಹಾಕಿ ಸುಮ್ಮನಾಗುತ್ತಿದ್ದೆ.

ಶನಿವಾರ ಬೆಳಗಿನ ಬ್ಯಾಚು ಮುಗಿಯುವ ಹೊತ್ತಿಗೆ ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಚಪ್ಪಲಿ ಕೆಳಗೆ ಬಿಟ್ಟು ಬಂದ ಹೆಜ್ಜೆ. ನೋಡಿದರೆ ಮನ್ವಿತಾ. ಕೈಯಲ್ಲಿ ಧಾರವಾಡ ಪೇಡೆಯ ಪೊಟ್ಟಣ, ಒಂದು ಲಕೋಟೆ. ಮತ್ತೆ ಲಕೋಟೆ!

“ಬಾ ಮಗಳೇ, ಕೂತುಕೋ.”

ಅವಳು ಕೂರಲಿಲ್ಲ. “ಆಂಟಿ, ಇದನ್ನು ತಗೊಳ್ಳಿ. ನೂರಕ್ಕೆ ಹತ್ತು. ನಿಮ್ಮ ನಿಯಮದಲ್ಲಿ ಹಿಡೀಬೇಕು ಅಂತ ಉಂಟು.”

“ನಿನ್ನ ಹತ್ತಿರ ಹಿಡಿಯುವುದಾ? ನಮ್ಮದೇ ಬಳಿಯವಳು...”

“ಅಲ್ಲ ಆಂಟಿ.” ಅವಳು ನೆಲ ನೋಡಿದಳು. “ನಮ್ಮದು ಕುಂದರನ್ನಾಯ ಅಲ್ಲ.”

ನನ್ನ ಕಿವಿ ನೆಟ್ಟಗಾಯಿತು.

“ನಿಮ್ಮ ಲೆಟರ್ ನಾನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬಿದ್ದು ಬಿದ್ದು ನಗಾಡಿದ್ರು. ರೀಫಂಡಿಗೆ ಬಳಿ ಕೇಳುವುದು ಜಿಮ್ಮಲ್ಲ, ಹುಡುಗನ ಅಮ್ಮ ಅಂತ ಹೇಳಿದ್ರು. ಬಿಜೈಯ ಹೋಟೆಲಿನ ಲೋಕನಾಥಣ್ಣನ ತಂಗಿ ನೀವು ಅಂತ ತಿಳಿದ ಮೇಲೆ ನಿಮ್ಮ ಬಳಿ ಯಾವುದು ಅಂತ ಗೊತ್ತು ಮಾಡ್ಲಿಕ್ಕೆ ಅಮ್ಮನಿಗೆ ಒಂದೇ ಫೋನ್ ಸಾಕಾಯ್ತು. ‘ಅದೇ ಬಳಿ ಅಂತ ಬರೆ, ಸಂಬಂಧದ ಆಸೆ ಬಿಡ್ತಾರೆ, ಸಂಜೆಯೊಳಗೆ ದುಡ್ಡು ಬರ್ತದೆ’ ಅಂದ್ರು. ಬಂತು.”

ಮಂಜೇಶ್ವರದ ಆಚೆ ಕೂತು ನನ್ನ ಹೊಟ್ಟೆಯೊಳಗಿನದ್ದನ್ನು ಓದಿದ ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೆಚ್ಚುಗೆ. ಬೀಗಿತ್ತಿ ಎಂದರೆ ಹೀಗಿರಬೇಕು.

“ಹಾಗಾದ್ರೆ ನಿಮ್ಮ ಬಳಿ ಯಾವುದು? ಮೊದಲು ಅದನ್ನು ಹೇಳು!”

“ಬಂಗೇರನ್ನಾಯ.”

ನಾನು ಎದ್ದು ನಿಂತೆ. ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವಳು ಮಾತ್ರ ನಗಲಿಲ್ಲ. “ಸುಳ್ಳು ಬರೆದದ್ದು ತಪ್ಪು. ನಿಮ್ಮ ಕಾಗದ ಓದಿದ ಮೇಲೆ ಊಟ ಸೇರ್ಲಿಲ್ಲ ನನಗೆ, ಹಾಗೆ ಬಂದೆ. ಆದ್ರೆ ಬಳಿ ಯಾವುದಾದ್ರೂ ಈಗ ಎಂತ ಆಂಟಿ? ನಾನು ಮೊದಲಿನ ಲೆಟರ್ ಬರೆದದ್ದು ನಿಮಗಲ್ಲ, ಅವರಿಗೆ. ಏನಾದ್ರೂ ಕೇಳುವುದಿದ್ರೆ ನೀವೇ ಫೋನ್ ಮಾಡಿ ಅಂತ ಬರೆದಿದ್ದೆ. ಲೆಟರಿನಲ್ಲಿ ಬೇರೆ ಹೇಗೆ ಬರೀಲಿಕ್ಕೆ ಆಗ್ತದೆ? ದಿನಾ ಕಾದೆ. ಅವರು ಮಾಡ್ಲಿಲ್ಲ. ಕೇಳುವುದು ಎಂತದೂ ಇಲ್ಲ ಅಂತ ಆಯ್ತಲ್ಲ.”

ಆ ಸಾಲನ್ನು ನಾನು ಓದಿದ್ದೆ. ಅರ್ಜಿಯ ಕೊನೆಗೆ ಎಲ್ಲರೂ ಬರೆಯುವ ಸಾಲು ಎಂದುಕೊಂಡಿದ್ದೆ. ಇವಳು ಹೋಗದಿರಲಿ ಎಂದು ನಾನು ಹೂಡಿದ ಉಪಾಯವೇ ಇವಳನ್ನು ಇಷ್ಟು ದಿನ ದೂರ ಇಟ್ಟಿತ್ತು. ಅಲ್ಲಿ ಅವಳು ಫೋನು ನೋಡುತ್ತ ಕೂತಿದ್ದಳು, ಇಲ್ಲಿ ಅವನು ಗೋಡೆ ನೋಡುತ್ತ ಕೂತಿದ್ದ, ನಡುವೆ ನಾನು ಡ್ರಾಯರಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದೆ.

“ರಿತೇಶ!” ಎಂದು ಕೂಗಿದೆ. ಒಳಗಿನ ಹಾಡಿನ ಗದ್ದಲದಲ್ಲಿ ಕೇಳಿಸಲಿಲ್ಲ. “ಆಲ್ವಿನ್, ಆ ಹಾಡು ಬಂದ್ ಮಾಡು!”

ಹಾಡು ನಿಂತಿತು. ಟವೆಲು ಹೆಗಲಿಗೆ ಹಾಕಿಕೊಂಡು ರಿತೇಶ್ ಹೊರಗೆ ಬಂದ. ಅವಳನ್ನು ಕಂಡು ಅಲ್ಲೇ ನಿಂತ. ಅವಳು ಪೇಡೆಯ ಪೊಟ್ಟಣದ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ನಾನು ಡ್ರಾಯರು ತೆರೆದು, ಮೊದಲ ಲಕೋಟೆಯನ್ನು ಅವನ ಕೈಗೆ ಕೊಟ್ಟೆ. ಅವನು ಹೊರಗಿನ ತನ್ನ ಹೆಸರು ಓದಿದ, ಒಡೆದ ಅಂಚು ನೋಡಿದ, ಒಳಗಿನದ್ದನ್ನು ಓದಿದ. ಕೊನೆಯ ಸಾಲಿಗೆ ಬಂದಾಗ ಅವನ ಕಣ್ಣು ಅಲ್ಲೇ ನಿಂತಿತು.

“ಅಮ್ಮ, ಇದು ಯಾವಾಗ ಬಂದದ್ದು?”

“ನೀನು ಕೊಚ್ಚಿಯಿಂದ ಬಂದ ಮರುದಿನ.”

“ನನ್ನ ಹೆಸರಿಗೆ ಬಂದದ್ದನ್ನು ನೀನು...” ನನ್ನ ಮಗ ನನ್ನ ಮೇಲೆ ಅಷ್ಟು ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು. “ಎಂತ ಕೆಲಸ ಮಾಡಿದಿ ಅಮ್ಮ ನೀನು! ನಾನು ಇವರು ಹೇಳದೆ ಹೋದ್ರು ಅಂತ ಅಂದುಕೊಂಡಿದ್ದೆ.”

“ಬಳಿ ನೋಡಿ ಹೇಳುವ ಅಂತ ಇದ್ದೆ ಮಗಾ,” ಎಂದೆ. ಬೇರೆ ಏನು ಹೇಳಲಿ? “ಬಳಿ ಬೇರೆಯೇ.”

ಅವನು ನನ್ನ ಮಾತು ಕೇಳಿದನೋ ಇಲ್ಲವೋ. ಮನ್ವಿತಾ ಅವನನ್ನೇ ನೋಡುತ್ತಿದ್ದಳು, ಒಂದು ಮಾತಿಗಾಗಿ. ನನ್ನ ಮಗನಿಗೆ ಆ ಮಾತು ಬರುತ್ತದಾ? ತುಟಿ ಅಲ್ಲಾಡಿತು, ಕೊರಳಿನ ನರ ಉಬ್ಬಿತು. ನೂರು ಕಿಲೋ ಎತ್ತುವಾಗಲೂ ಅವನು ಅಷ್ಟು ಕಷ್ಟಪಡುವುದಿಲ್ಲ. ಮಾತು ಬರಲಿಲ್ಲ. ನಾನೇ ಏನಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಜೀವಮಾನದಲ್ಲಿ ಒಮ್ಮೆ, ಕಷ್ಟಪಟ್ಟು ಮುಚ್ಚಿದೆ.

ಅಷ್ಟರಲ್ಲಿ ಅವನು ಜೇಬಿನಿಂದ ಫೋನ್ ತೆಗೆದ. ಪತ್ರವನ್ನು ಮುಖದ ಹತ್ತಿರ ಹಿಡಿದು, ಸಹಿಯ ಕೆಳಗಿದ್ದ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿದ.

ಅವಳ ಚೀಲದೊಳಗೆ ಫೋನು ರಿಂಗಾಯಿತು. ಅವಳು ತೆಗೆದು, ನೋಡಿ, ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತೇ ಕಿವಿಗೆ ಇಟ್ಟುಕೊಂಡಳು.

“ಹಲೋ.”

“ಹಲೋ, ನಾನು ರಿತೇಶ್. ನಿಮ್ಮ ಲೆಟರ್ ಈಗ ಸಿಕ್ಕಿತು,” ಎಂದ ನನ್ನ ಮಗ ಫೋನಿನೊಳಗೆ. “ನನಗೆ ಒಂದು ಕೇಳುವುದು ಉಂಟು.”